ಅತಿಸ್ರಾವಕ್ಕೆ ಕಾರಣ ಯಾವುದು?

ಹೆಂಗಸರ ತಿಂಗಳ ಮುಟ್ಟನ್ನು ಕುರಿತು ನಮ್ಮ ಮನೆಗಳಲ್ಲಿ ಮಾತು ನಡೆಯುವುದೇ ಮರೆಮಾತುಗಳಲ್ಲಿ. 'ಹೊರಗಾಗಿದ್ದಾಳೆ', 'ದೂರ ಕುಳಿತಿದ್ದಾಳೆ', 'ಕಾಗೆ ಮುಟ್ಟಿದೆ' ಎಂದರೆ ಹಿರಿಯರಿಗೂ ಅರ್ಥವಾಗುತ್ತದೆ, ಮಕ್ಕಳ ಕುತೂಹಲಕ್ಕೂ ತೆರೆ ಬೀಳುತ್ತದೆ. ಈ ಮಾತುಗಳಲ್ಲಿ ಸಂಕೋಚದ ಸೊಗಸೇನೋ ಇದೆ. ಆದರೆ ಆಕೆ ಎಲ್ಲಿ ಕೂರಬೇಕೆಂಬುದನ್ನು ಹೇಳುವ ಈ ಮಾತುಗಳು ಸ್ರಾವ ಎಷ್ಟು, ಎಷ್ಟು ದಿನ, ಹೋದ ವರ್ಷಕ್ಕೂ ಈ ವರ್ಷಕ್ಕೂ ಏನು ವ್ಯತ್ಯಾಸ ಎಂಬುದನ್ನು ಹೇಳುವುದಿಲ್ಲ. ವೈದ್ಯರ ಮುಂದೆ ಕುಳಿತಾಗ ಬೇಕಾಗುವುದು ಈ ಎರಡನೆಯ ಬಗೆಯ ಮಾತು. ಅದು ನಾಲಗೆಗೆ ಬರುವ ಹೊತ್ತಿಗೆ ಹಲವು ವೇಳೆ ವರ್ಷವೇ ಕಳೆದಿರುತ್ತದೆ.

ಮೈಸೂರಿನ ಒಬ್ಬ ಗೃಹಿಣಿಯ ಉದಾಹರಣೆಯನ್ನು ತೆಗೆದುಕೊಳ್ಳಬಹುದು. ಹೆಸರು ಬೇಡ, ಇಂಥವರು ಬೀದಿಗೊಬ್ಬರಂತೆ ಸಿಗುತ್ತಾರೆ. ವಯಸ್ಸು 43. ಇಬ್ಬರು ಮಕ್ಕಳು, ಎರಡೂ ಸಹಜ ಹೆರಿಗೆ. ಒಂದೂವರೆ ವರ್ಷದಿಂದ ಆಕೆಯ ಮುಟ್ಟು ಒಂಬತ್ತು ದಿನಗಳವರೆಗೂ ನಿಲ್ಲುತ್ತಿರಲಿಲ್ಲ. ಮೊದಲ ಮೂರು ದಿನ ಗಂಟೆಗೊಮ್ಮೆ, ಎರಡು ಗಂಟೆಗೊಮ್ಮೆ ಪ್ಯಾಡು ಬದಲಾಯಿಸಬೇಕು. ರಾತ್ರಿ ಎರಡು ಸಲವಾದರೂ ಏಳಬೇಕು. ಹೆಪ್ಪುಗಟ್ಟಿದ ರಕ್ತದ ಗಟ್ಟಿಗಳು ಬೀಳುತ್ತವೆ. ನಂಟರ ಮದುವೆಯ ದಿನವನ್ನೂ ಕ್ಯಾಲೆಂಡರಿನಲ್ಲಿ ಈ ಲೆಕ್ಕದಿಂದಲೇ ನೋಡುವಂತಾಗಿತ್ತು. "ನಮಗೂ ನಿಲ್ಲುವ ಕಾಲಕ್ಕೆ ಹೀಗೇ ಆಗುತ್ತಿತ್ತಮ್ಮಾ, ತಾನೇ ಸರಿಹೋಗುತ್ತೆ" ಎಂದರು ಅತ್ತೆ. ಒಂದು ಬೆಳಗ್ಗೆ ಕುಕ್ಕರು ಇಳಿಸುವಾಗ ಕಣ್ಣು ಕತ್ತಲಿಟ್ಟು ಆಕೆ ಅಡಿಗೆಮನೆಯಲ್ಲೇ ಕುಸಿದು ಕುಳಿತ ಮೇಲೆ ಯಜಮಾನರು ಆಕೆಯನ್ನು ವೈದ್ಯರಲ್ಲಿಗೆ ಕರೆದೊಯ್ದರು.

ಅಲ್ಲಿ ಸ್ಕ್ಯಾನ್ ಆಯಿತು. ಅದರ ವರದಿಯಲ್ಲಿ ಮೂರು ಮಾತುಗಳಿದ್ದುವು: ಗರ್ಭಕೋಶ 'ಬಲ್ಕಿ', ಎಂದರೆ ತುಸು ದಪ್ಪ, ಅದರ ಹೊರಗೋಡೆಯಲ್ಲಿ ಮೂರು ಸೆಂಟಿಮೀಟರಿನ ಒಂದು ಫೈಬ್ರಾಯ್ಡ್ ಗಡ್ಡೆ, ಒಳಪೊರೆಯ ದಪ್ಪ 14 ಮಿಲಿಮೀಟರು. ವೈದ್ಯರು ವರದಿಯನ್ನು ಮಡಿಸಿ, "ಗಡ್ಡೆ ಇದೆ. ಮಕ್ಕಳಾಗಿವೆ. ಗರ್ಭಕೋಶ ತೆಗೆಸಿಬಿಡಿ, ತಲೆನೋವೇ ಇರುವುದಿಲ್ಲ" ಎಂದುಬಿಟ್ಟರು. ಮಗಳ ಪರೀಕ್ಷೆ ಮುಗಿದ ಮೇಲೆ ಶಸ್ತ್ರಚಿಕಿತ್ಸೆಯೆಂದು ಮನೆಯಲ್ಲಿ ನಿಶ್ಚಯವೂ ಆಯಿತು.

ಇಂಥ ನಿಶ್ಚಯ ನಮ್ಮ ದೇಶದಲ್ಲಿ ಅಪರೂಪವಲ್ಲ. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ ಸುಮಾರು ಮೂವರು ಗರ್ಭಕೋಶವನ್ನು ತೆಗೆಸಿಕೊಂಡವರೆಂದು ಕಂಡುಬಂತು. ಅವರಲ್ಲಿ ಅರ್ಧದಷ್ಟು ಮಂದಿ ಕೊಟ್ಟ ಕಾರಣ ಮುಟ್ಟಿನ ಅತಿಸ್ರಾವ ಅಥವಾ ನೋವು. ಅನಗತ್ಯವಾಗಿ ಗರ್ಭಕೋಶ ತೆಗೆಯುವುದನ್ನು ತಡೆಯಲು ಕೇಂದ್ರದ ಆರೋಗ್ಯ ಇಲಾಖೆ 2022ರಲ್ಲಿ ಮಾರ್ಗಸೂಚಿಯನ್ನು ಹೊರಡಿಸಿತು. ಅದನ್ನು ರಾಜ್ಯಗಳು ಮೂರು ತಿಂಗಳೊಳಗೆ ಜಾರಿಗೆ ತರಬೇಕೆಂದು ಸುಪ್ರೀಂ ಕೋರ್ಟು 2023ರಲ್ಲಿ ಆದೇಶ ನೀಡಿತು. ಶಸ್ತ್ರಚಿಕಿತ್ಸೆಯೇ ಕೂಡದೆಂದು ಇದರ ಅರ್ಥವಲ್ಲ. ಕೆಲವರಿಗೆ ಅದೇ ಸರಿಯಾದ ದಾರಿ. ಆದರೆ ಅಂಡಾಶಯಗಳನ್ನು ಉಳಿಸಿದರೂ ಗರ್ಭಕೋಶವನ್ನು ತೆಗೆದ ಮೇಲೆ ಅವು ತಮ್ಮ ಕಾಲಕ್ಕಿಂತ ಬೇಗ ಬಾಡುವ ಸಂಭವ ಹೆಚ್ಚು. ಆದುದರಿಂದ ಕಾರಣ ತಿಳಿಯುವ ಮೊದಲೇ ಆ ದಾರಿಯನ್ನು ಹಿಡಿಯಬಾರದು.

ಕಾರಣ ತಿಳಿಯುವುದೆಂದರೇನು? ಇಲ್ಲಿ ಒಂದು ಹಳೆಯ ತೊಡಕಿತ್ತು. ನಮ್ಮ ಆಯುರ್ವೇದದ ಗ್ರಂಥಗಳು ಅತಿಸ್ರಾವವನ್ನು 'ಅಸೃಗ್ದರ', 'ಪ್ರದರ' ಎಂದು ಕರೆದು ದೋಷಗಳಿಗೆ ಅನುಸಾರವಾಗಿ ವಿಂಗಡಿಸಿದ್ದುವು. ಪಾಶ್ಚಾತ್ಯ ವೈದ್ಯರು ಗ್ರೀಕ್ ಮೂಲದ ಉದ್ದುದ್ದ ಹೆಸರುಗಳನ್ನು ಇಟ್ಟುಕೊಂಡಿದ್ದರು. ಆದರೆ ಒಂದು ದೇಶದ ವೈದ್ಯನು 'ಮೆನೊರೇಜಿಯಾ' ಎಂದರೆ ಇನ್ನೊಂದು ದೇಶದವನು ಬೇರೆಯದನ್ನೇ ತಿಳಿಯುತ್ತಿದ್ದನು. ಹೆಸರೇ ರೋಗನಿರ್ಣಯವೆಂಬಂತೆ ಚೀಟಿಯಲ್ಲಿ ಬರೆದು ಮುಂದಕ್ಕೆ ಹೋಗುತ್ತಿದ್ದುದೂ ಉಂಟು. ಶಬ್ದ ದೊಡ್ಡದಾದಷ್ಟೂ ಅರ್ಥ ಅಡಗಿಕೊಳ್ಳುವುದು ಸಾಹಿತ್ಯ ವಿಮರ್ಶೆಯಲ್ಲಿ ಮಾತ್ರವೇ ಅಲ್ಲ! ಕೊನೆಗೆ ಪ್ರಸೂತಿ ಮತ್ತು ಸ್ತ್ರೀರೋಗ ತಜ್ಞರ ಅಂತರರಾಷ್ಟ್ರೀಯ ಒಕ್ಕೂಟವಾದ 'ಫೀಗೋ' 2011ರಲ್ಲಿ ಆ ಹಳೆಯ ಹೆಸರುಗಳನ್ನು ಬದಿಗಿರಿಸಿ, ಕಾರಣಕ್ಕೆ ಅನುಸಾರವಾದ ಒಂದು ವರ್ಗೀಕರಣವನ್ನು ಪ್ರಕಟಿಸಿತು. 2018ರಲ್ಲಿ ಅದನ್ನು ತುಸು ಪರಿಷ್ಕರಿಸಿತು.

ಆ ವರ್ಗೀಕರಣದಲ್ಲಿ ಒಂಬತ್ತು ಕಾರಣಗಳು. ಅವುಗಳ ಇಂಗ್ಲಿಷ್ ಹೆಸರುಗಳ ಮೊದಲಕ್ಷರಗಳನ್ನು ಕೂಡಿಸಿದರೆ 'ಪಾಮ್' ಮತ್ತು 'ಕಾಯಿನ್' ಎಂಬ ಎರಡು ಪದಗಳಾಗುತ್ತವೆ: ಅಂಗೈ ಮತ್ತು ನಾಣ್ಯ. ನೆನಪಿಗೆಂದು ಮಾಡಿದ ಈ ಜೋಡಣೆಯಲ್ಲಿ ಒಂದು ಅರ್ಥವೂ ಇದೆ. ಅಂಗೈಯ ಗುಂಪಿನ ನಾಲ್ಕು ಕಾರಣಗಳು ಗರ್ಭಕೋಶದ ರಚನೆಯಲ್ಲೇ ಆದ ಬದಲಾವಣೆಗಳು. ಸ್ಕ್ಯಾನಿನಲ್ಲಿ ಕಾಣುವಂಥವು, ಇಲ್ಲವೆ ತುಣುಕನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ತಿಳಿಯುವಂಥವು. ನಾಣ್ಯದ ಗುಂಪಿನ ಐದು ಕಾರಣಗಳಲ್ಲಿ ಗರ್ಭಕೋಶದ ಆಕಾರವನ್ನು ನೋಡಿದರೆ ಏನೂ ಸಿಗುವುದಿಲ್ಲ. ಅಲ್ಲಿ ಸುಳಿವು ಸಿಗುವುದು ರೋಗಿಯ ಮಾತಿನಲ್ಲಿ ಮತ್ತು ರಕ್ತಪರೀಕ್ಷೆಯಲ್ಲಿ.

ಅಂಗೈಯ ನಾಲ್ಕರಲ್ಲಿ ಮೊದಲನೆಯದು ಪಾಲಿಪ್. ಇದು ಒಳಪೊರೆಯಿಂದ ಜೋತುಬಿದ್ದ ಮೆತ್ತನೆಯ ಚಿಗುರಿನಂಥದು. ಎರಡನೆಯದು ಅಡಿನೋಮಯೋಸಿಸ್: ಒಳಪೊರೆಯ ಅಂಗಾಂಶವು ಬೇರು ಬಿಟ್ಟಂತೆ ಗರ್ಭಕೋಶದ ಸ್ನಾಯುವಿನೊಳಕ್ಕೆ ಇಳಿದಿರುತ್ತದೆ, ಸ್ರಾವದ ಜೊತೆಗೆ ಸಹಿಸಲಾರದ ನೋವೂ ಇದ್ದರೆ ಇದರ ಕಡೆಗೆ ಗಮನ ಹೋಗಬೇಕು. ಮೂರನೆಯದು ಎಲ್ಲರ ಬಾಯಲ್ಲೂ ಇರುವ ಫೈಬ್ರಾಯ್ಡ್. ನಾಲ್ಕನೆಯದು ಕ್ಯಾನ್ಸರು ಮತ್ತು ಅದಕ್ಕೆ ಮುಂಚಿನ ಒಳಪೊರೆಯ ಅತಿಬೆಳವಣಿಗೆ.

ನಾಣ್ಯದ ಐದರಲ್ಲಿ ರಕ್ತ ಹೆಪ್ಪುಗಟ್ಟುವ ಗುಣದ ದೋಷ ಒಂದು. ಅಂಡವಿಸರ್ಜನೆಯ ಏರುಪೇರು ಇನ್ನೊಂದು: ಅಂಡ ಹೊರಬೀಳದ ತಿಂಗಳಲ್ಲಿ ಪ್ರೊಜೆಸ್ಟರೋನ್ ಹಾರ್ಮೋನು ಹುಟ್ಟುವುದಿಲ್ಲ, ಹಿಡಿತವಿಲ್ಲದ ಒಳಪೊರೆ ಬೆಳೆಯುತ್ತಲೇ ಹೋಗಿ, ಒಂದು ದಿನ ಎಲ್ಲೆಂದರಲ್ಲಿ ಕಳಚಿಕೊಂಡು ಸುರಿಯುತ್ತದೆ. ಹೊಸದಾಗಿ ಮೈನೆರೆದ ಹುಡುಗಿಯರಲ್ಲಿ, ಮುಟ್ಟು ನಿಲ್ಲುವ ಹತ್ತಿರದ ವಯಸ್ಸಿನವರಲ್ಲಿ ಇದು ಸಾಮಾನ್ಯ. ಮೂರನೆಯದು ಒಳಪೊರೆಯದೇ ದೋಷ. ಅದು ತನ್ನ ರಕ್ತನಾಳಗಳನ್ನು ಹೊತ್ತಿಗೆ ಸರಿಯಾಗಿ ಮುಚ್ಚಿಕೊಳ್ಳಲಾರದು. ಇದನ್ನು ತೋರಿಸುವ ಪರೀಕ್ಷೆ ಆಸ್ಪತ್ರೆಗಳಲ್ಲಿಲ್ಲ. ಉಳಿದುವೆಲ್ಲ ಅಲ್ಲವೆಂದಾಗ ಇದೆಂದು ಊಹಿಸಬೇಕು. ನಾಲ್ಕನೆಯದು ಚಿಕಿತ್ಸೆಯಿಂದಲೇ ಬಂದದ್ದು: ತಾಮ್ರದ ವಂಕಿ, ಹಾರ್ಮೋನು ಮಾತ್ರೆ, ಹೃದ್ರೋಗಕ್ಕೆಂದು ಕೊಟ್ಟ ರಕ್ತ ತೆಳುಮಾಡುವ ಔಷಧ. ಐದನೆಯದು ಈ ಯಾವುದಕ್ಕೂ ಸೇರದ ಅಪರೂಪದ ಕಾರಣಗಳ ಕಟ್ಟು.

ಆ ಗೃಹಿಣಿಯ ಹೊಟ್ಟೆಯಲ್ಲಿ ಗಡ್ಡೆ ಇದ್ದುದು ನಿಜ. ಆದರೆ ಆ ಗಡ್ಡೆಯೇ ಅಪರಾಧಿಯೆ? ನಲವತ್ತು ದಾಟಿದ ಹೆಂಗಸರಲ್ಲಿ ಫೈಬ್ರಾಯ್ಡ್ ಎಷ್ಟು ಸಾಮಾನ್ಯವೆಂದರೆ ಯಾವ ತೊಂದರೆಯೂ ಇಲ್ಲದವರನ್ನು ಸ್ಕ್ಯಾನ್ ಮಾಡಿದರೂ ಹಲವರಲ್ಲಿ ಕಾಣುತ್ತದೆ. ಸ್ರಾವಕ್ಕೆ ಅದು ಕಾರಣವಾಗುವುದೋ ಇಲ್ಲವೋ ಎಂಬುದು ಗಾತ್ರಕ್ಕಿಂತ ಹೆಚ್ಚಾಗಿ ಅದು ಇರುವ ಜಾಗವನ್ನು ಅವಲಂಬಿಸಿದೆ. ರಕ್ತ ಬರುವುದು ಒಳಪೊರೆಯಿಂದ. ಒಳಪೊರೆಯನ್ನು ಒತ್ತಿಕೊಂಡು ಒಳಕ್ಕೆ ಚಾಚಿದ ಒಂದು ಗೋಲಿಯಷ್ಟು ಗಡ್ಡೆ ರಕ್ತವನ್ನು ಹರಿಸಬಲ್ಲದು. ಹೊರಗೋಡೆಯಿಂದ ಹೊಟ್ಟೆಯ ಕಡೆಗೆ ಉಬ್ಬಿದ ನಿಂಬೆಹಣ್ಣಿನಷ್ಟು ಗಡ್ಡೆ ಸುಮ್ಮನೆ ಕುಳಿತಿರಬಹುದು. ಫೀಗೋದ ವರ್ಗೀಕರಣ ಈ ಭೇದವನ್ನು ಮರೆಯದೆ ಗುರುತಿಸುತ್ತದೆ: ಫೈಬ್ರಾಯ್ಡಿನ ಮುಂದೆ ಅದು ಒಳಪೊರೆಗೆ ತಾಗಿದೆಯೋ ಇಲ್ಲವೋ ಎಂಬುದನ್ನೂ ಬರೆಯಬೇಕು. ಆಕೆಯ ಗಡ್ಡೆ ಹೊರಗೋಡೆಯದು. ಇನ್ನು 'ಬಲ್ಕಿ' ಎಂಬ ಮಾತು ರೋಗದ ಹೆಸರೇ ಅಲ್ಲ. ಹೆತ್ತ ತಾಯಂದಿರ ಗರ್ಭಕೋಶ ಹೆರದವರದಕ್ಕಿಂತ ದಪ್ಪವಾಗಿಯೇ ಇರುತ್ತದೆ. ಈ ಒಂದು ಮಾತು ನಮ್ಮ ಮನೆಗಳಲ್ಲಿ ಎಷ್ಟು ನಿದ್ರೆಗಳನ್ನು ಕೆಡಿಸಿದೆಯೋ!

ಆಕೆಯ ನಾದಿನಿ ಹಟ ಹಿಡಿದದ್ದರಿಂದ ಇನ್ನೊಬ್ಬ ವೈದ್ಯೆಯ ಸಲಹೆಯನ್ನು ಕೇಳುವುದೆಂದಾಯಿತು. ಹಳೆಯ ವರದಿಯನ್ನು ಮೇಜಿನ ಮೇಲೆ ಮಗುಚಿಟ್ಟು ವೈದ್ಯೆ ಮೊದಲು ಪ್ರಶ್ನೆಗಳನ್ನೇ ಕೇಳಿದರು. ಪರೀಕ್ಷೆಗಳಲ್ಲಿ ಅತ್ಯಂತ ಅಗ್ಗದ್ದೂ ಹೆಚ್ಚು ಫಲ ಕೊಡುವುದೂ ಇದೇ.

ಮುಟ್ಟು ಎಷ್ಟು ದಿನಕ್ಕೊಮ್ಮೆ? 27 ದಿನಕ್ಕೆ, ಹೆಚ್ಚುಕಡಿಮೆ ಎರಡು ದಿನದ ವ್ಯತ್ಯಾಸ. ಒಂದು ಮುಟ್ಟಿನ ಮೊದಲ ದಿನದಿಂದ ಮುಂದಿನದರ ಮೊದಲ ದಿನದವರೆಗೆ 24ರಿಂದ 38 ದಿನಗಳ ಅಂತರ ಸಹಜ. ಎಂಟು ದಿನಗಳವರೆಗಿನ ಸ್ರಾವ ಸಹಜ. ಆಕೆಯ ಅಂತರ ಸರಿಯಾಗಿದೆ, ಅವಧಿ ಮಾತ್ರ ಮೀರಿದೆ. ಗಡಿಯಾರದಂತೆ ತಿಂಗಳು ತಿಂಗಳೂ ಬರುವ ಮುಟ್ಟು ಅಂಡವಿಸರ್ಜನೆ ನಡೆಯುತ್ತಿದೆಯೆಂಬುದರ ಲಕ್ಷಣ. ಅತ್ತೆಯವರು ಹೇಳಿದ 'ನಿಲ್ಲುವ ಕಾಲದ' ಏರುಪೇರು ಇದಲ್ಲವೆಂದು ಇಷ್ಟರಿಂದಲೇ ಬಹುಮಟ್ಟಿಗೆ ತಿಳಿಯಿತು.

ಮೈನೆರೆದಂದಿನಿಂದಲೂ ಹೀಗೆಯೇ ಇತ್ತೆ? ಹೆರಿಗೆಯಾದಾಗ, ಹಲ್ಲು ಕೀಳಿಸಿದಾಗ ರಕ್ತ ನಿಲ್ಲದೆ ಕಷ್ಟವಾಯಿತೆ? ಸುಮ್ಮನೆ ಕೈಕಾಲಲ್ಲಿ ನೀಲಿಗಟ್ಟುತ್ತದೆಯೆ? ಇಲ್ಲ. ಹೌದೆಂದಿದ್ದರೆ ರಕ್ತ ಹೆಪ್ಪುಗಟ್ಟುವ ದೋಷಕ್ಕಾಗಿ, ಅದರಲ್ಲಿಯೂ ವಾನ್ ವಿಲೆಬ್ರಾಂಡ್ ಎಂಬ ವಂಶಪಾರಂಪರ್ಯದ ಕಾಯಿಲೆಗಾಗಿ, ವಿಶೇಷ ರಕ್ತಪರೀಕ್ಷೆ ಮಾಡಿಸಬೇಕಾಗುತ್ತಿತ್ತು. ಮೊದಲ ಮುಟ್ಟಿನಿಂದಲೇ ಧಾರಾಳವಾಗಿ ಸ್ರವಿಸಿ ಹುಡುಗಿಯೊಬ್ಬಳು ರಕ್ತಹೀನಳಾದರೆ, ಅದನ್ನು 'ಉಷ್ಣದ ಮೈ' ಎಂದು ತಳ್ಳಿಬಿಡದೆ ತಾಯಂದಿರು ಈ ಪ್ರಶ್ನೆಗಳನ್ನು ಜ್ಞಾಪಿಸಿಕೊಳ್ಳುವುದು ಒಳ್ಳೆಯದು. ವಂಕಿ ಹಾಕಿಸಿಕೊಂಡಿದ್ದೀರಾ? ಇಲ್ಲ. ದಿನವೂ ಯಾವುದಾದರೂ ಮಾತ್ರೆ? ಇಲ್ಲ.

ಕೊನೆಗೆ ವೈದ್ಯೆ ಕೇಳಿದರು: "ಒಂದು ಮುಟ್ಟು ಮುಗಿದು ಇನ್ನೊಂದು ಬರುವುದರೊಳಗೆ ನಡುವೆ ಎಲ್ಲಾದರೂ ಕಲೆಯಾಗುವುದುಂಟೇನಮ್ಮಾ?"

ಆಕೆ ತುಸು ಯೋಚಿಸಿ, "ಐದಾರು ತಿಂಗಳಿಂದ ಆಗುತ್ತೆ ಡಾಕ್ಟ್ರೇ. ಒಂದು ಚೂರು, ಅಷ್ಟೇ. ಅದೇನು ಹೇಳುವಂಥದ್ದಲ್ಲ ಅಂತ ಬಿಟ್ಟೆ" ಎಂದರು.

ಇಡೀ ಪ್ರಕರಣದ ಕೀಲಿಕೈ ಆ 'ಒಂದು ಚೂರು'. ಒಳಪೊರೆಯ ಮೇಲೆಯೇ ಏನೋ ಇದೆಯೆಂಬುದಕ್ಕೆ ನಡುವಿನ ಕಲೆ ಮುಖ್ಯವಾದ ಸೂಚನೆ. ಅದು ಪಾಲಿಪ್ ಇರಬಹುದು. ಕೇಡಿನ ಬೆಳವಣಿಗೆಯೂ ಇರಬಹುದು. ಗರ್ಭಕೋಶದ ಕಂಠದ ವಿಕಾರವೂ ಇರಬಹುದು. ಹೊರಗೋಡೆಯ ಗಡ್ಡೆಯಿಂದ ಅಂಥ ಕಲೆ ಸಾಮಾನ್ಯವಾಗಿ ಆಗುವುದಿಲ್ಲ.

ಅನಂತರ ಪರೀಕ್ಷೆಗಳು. ಮೊದಲನೆಯದು ಗರ್ಭಪರೀಕ್ಷೆ. ನಲವತ್ತಮೂರರಲ್ಲೇ ಎಂದು ಆಕೆ ನಾಚಿ ನಕ್ಕರು. ಆದರೆ ಮುಟ್ಟು ಪೂರ್ತಿಯಾಗಿ ನಿಲ್ಲುವವರೆಗೂ ಈ ಪ್ರಶ್ನೆಯನ್ನು ಬಿಡುವಂತಿಲ್ಲ. ತಪ್ಪುತ್ತಿರುವ ಗರ್ಭವೂ ಅತಿಸ್ರಾವದ ವೇಷದಲ್ಲಿಯೇ ಬರುತ್ತದೆ. ಅದು ಇಲ್ಲವೆಂದಾಯಿತು. ಗರ್ಭಕಂಠವನ್ನು ಕಣ್ಣಾರೆ ನೋಡಿ ಪ್ಯಾಪ್ ಪರೀಕ್ಷೆಗೆಂದು ಜೀವಕೋಶಗಳನ್ನು ತೆಗೆದುದಾಯಿತು. ಅದರಲ್ಲಿ ದೋಷ ಕಾಣಲಿಲ್ಲ.

ಎರಡನೆಯದು ರಕ್ತಪರೀಕ್ಷೆ. ಹಿಮೋಗ್ಲೋಬಿನ್ ಡೆಸಿಲೀಟರಿಗೆ 8.2 ಗ್ರಾಂ, ಗರ್ಭಿಣಿಯಲ್ಲದ ಹೆಂಗಸಿಗೆ 12ಕ್ಕಿಂತ ಕಡಿಮೆಯಾದರೆ ರಕ್ತಹೀನತೆ. ಅದರ ಜೊತೆಗೆ ವೈದ್ಯೆ ಫೆರಿಟಿನ್ ಎಂಬುದನ್ನೂ ನೋಡಿಸಿದರು. ಅದು 6 ಮಾತ್ರ. ಹಿಮೋಗ್ಲೋಬಿನ್ ಕೈಯಲ್ಲಿರುವ ಹಣವಾದರೆ ಫೆರಿಟಿನ್ ಪೆಟ್ಟಿಗೆಯಲ್ಲಿರುವ ಉಳಿತಾಯ. ಉಳಿತಾಯ ಕರಗುತ್ತ ಬಂದರೂ ಕೈಯ ಖರ್ಚು ಕೆಲಕಾಲ ನಡೆದೇ ನಡೆಯುತ್ತದೆ. ಆದುದರಿಂದ ಹಿಮೋಗ್ಲೋಬಿನ್ ಸರಿಯಾಗಿದ್ದ ಮಾತ್ರಕ್ಕೆ ಕಬ್ಬಿಣದ ಕೊರತೆ ಇಲ್ಲವೆನ್ನಲಾಗದು. 15ಕ್ಕಿಂತ ಕೆಳಗಾದರೆ ಪೆಟ್ಟಿಗೆ ಬರಿದಾಯಿತೆಂದೇ ಅರ್ಥ.

ಈ ಬರಿದಾಗುವಿಕೆಯ ಲೆಕ್ಕ ಸರಳವಾಗಿದೆ. ಸಾಮಾನ್ಯ ಮುಟ್ಟಿನಲ್ಲಿ ಹೋಗುವ ರಕ್ತ ಮೂವತ್ತು ನಲವತ್ತು ಮಿಲಿಲೀಟರು. ಹಿಂದೆ ಸಂಶೋಧಕರು 80 ಮಿಲಿಲೀಟರನ್ನು ಅತಿಸ್ರಾವದ ಗಡಿಯಾಗಿ ಇಟ್ಟಿದ್ದರು. ಅಡಿಗೆಯ ದೊಡ್ಡ ಚಮಚದಲ್ಲಿ ಅದು ಐದು ಚಮಚೆಗಿಂತ ತುಸು ಹೆಚ್ಚು. ಮಿಲಿಲೀಟರು ರಕ್ತದೊಡನೆ ಸುಮಾರು ಅರ್ಧ ಮಿಲಿಗ್ರಾಂ ಕಬ್ಬಿಣ ಹೋಗುತ್ತದೆಯಾದ್ದರಿಂದ 80 ಮಿಲಿಲೀಟರಿಗೆ 40 ಮಿಲಿಗ್ರಾಂ. ಚರ್ಮದಿಂದ, ಕರುಳಿನಿಂದ ಹೇಗೂ ದಿನಕ್ಕೊಂದರಂತೆ ತಿಂಗಳಿಗೆ 30 ಹೋಗುತ್ತದೆ. ಒಟ್ಟು ವೆಚ್ಚ 70. ಊಟದಿಂದ ದೇಹ ಹೀರಿಕೊಳ್ಳುವುದೋ ದಿನಕ್ಕೆ ಒಂದರಿಂದ ಎರಡು ಮಿಲಿಗ್ರಾಂ. ಸೊಪ್ಪು-ಬೇಳೆಯ ಕಬ್ಬಿಣ ಮಾಂಸದ ಕಬ್ಬಿಣದಷ್ಟು ಸುಲಭವಾಗಿ ಮೈಗೆ ಹತ್ತುವುದಿಲ್ಲ. ಊಟದ ಜೊತೆಗೇ ಕುಡಿಯುವ ಕಾಫಿ ಇನ್ನಷ್ಟನ್ನು ತಡೆಯುತ್ತದೆ. ವರಮಾನ ಮೂವತ್ತೋ ಐವತ್ತೋ, ವೆಚ್ಚ ಎಪ್ಪತ್ತು. ಒಂದೂವರೆ ವರ್ಷ ಹೀಗೆ ಸಂಸಾರ ನಡೆದರೆ ಅಡಿಗೆಮನೆಯಲ್ಲಿ ಕಣ್ಣು ಕತ್ತಲಿಡುವುದರಲ್ಲಿ ಆಶ್ಚರ್ಯವೇನು?

ಆದರೆ ಮನೆಯಲ್ಲಿ ರಕ್ತವನ್ನು ಅಳೆಯುವವರು ಯಾರು? ಈಗಿನ ವೈದ್ಯರು ಮಿಲಿಲೀಟರಿನ ಹಟವನ್ನು ಬಿಟ್ಟಿದ್ದಾರೆ. ಸ್ರಾವವು ಹೆಂಗಸಿನ ನಿತ್ಯದ ಬಾಳಿಗೆ, ಮೈಗೆ, ಮನಸ್ಸಿಗೆ ಅಡ್ಡಿಯಾಗುವಷ್ಟಿದ್ದರೆ ಅದು ಅತಿಸ್ರಾವವೆಂದೇ ಎಣಿಸುತ್ತಾರೆ. ಗುರುತುಗಳು ಬೇಕೆಂದರೆ: ಒಂದೆರಡು ಗಂಟೆಗೇ ಪ್ಯಾಡು ಪೂರ್ತಿ ತೊಯ್ಯುವುದು, ರಾತ್ರಿ ಅದಕ್ಕಾಗಿ ಏಳುವುದು, ಒಂದಂಗುಲಕ್ಕಿಂತ ದೊಡ್ಡ ಗಟ್ಟಿಗಳು ಬೀಳುವುದು, ಎಂಟು ದಿನ ದಾಟುವುದು. ಗಂಟೆಗೊಂದರಂತೆ ಹಲವು ಗಂಟೆಗಳ ಕಾಲ ತೊಯ್ಯುತ್ತಲೇ ಇದ್ದರೆ, ತಲೆ ಸುತ್ತಿ ಬೀಳುವಂತಾದರೆ, ಆಗ ಪರೀಕ್ಷೆಯ ದಿನವನ್ನು ಕಾಯದೆ ನೇರವಾಗಿ ಆಸ್ಪತ್ರೆಗೆ ಹೋಗಬೇಕು.

ಥೈರಾಯ್ಡ್ ಪರೀಕ್ಷೆಯನ್ನು ಎಲ್ಲರಿಗೂ ಮಾಡಿಸಬೇಕಾದ ಅಗತ್ಯವಿಲ್ಲ. ಆಕೆಗೆ ಆಯಾಸ, ಚಳಿ, ಕೂದಲುದುರುವಿಕೆ ಇದ್ದುದರಿಂದ ಮಾಡಿಸಿದರು, ಸರಿಯಾಗಿತ್ತು. ನಾಲ್ಕಾರು ಹಾರ್ಮೋನುಗಳ ಉದ್ದದ ಪಟ್ಟಿಯನ್ನು ಬರೆಯಲಿಲ್ಲ. ಮುಟ್ಟು ಕ್ರಮವಾಗಿ ಬರುತ್ತಿರುವಾಗ ಅವುಗಳಿಂದ ತಿಳಿಯುವುದು ಬಹಳ ಸ್ವಲ್ಪ. ಪ್ರಯೋಗಾಲಯದ ಬಿಲ್ಲು ಮಾತ್ರ ಬೆಳೆಯುತ್ತದೆ.

ಇನ್ನು ಉಳಿದದ್ದು ಒಳಪೊರೆಯ 14 ಮಿಲಿಮೀಟರು. ಹಿಂದಿನ ಸ್ಕ್ಯಾನ್ ನಡೆದದ್ದು ಮುಟ್ಟಿನ 22ನೆಯ ದಿನ. ಒಳಪೊರೆ ಎಂಬುದು ತಿಂಗಳಿಡೀ ಒಂದೇ ದಪ್ಪ ಇರುವ ವಸ್ತುವಲ್ಲ. ಮುಟ್ಟು ಮುಗಿದಾಗ ಕೊಯ್ಲಾದ ಹೊಲದಂತೆ ತೆಳುವಾಗಿದ್ದು, ಮುಂದಿನ ಮುಟ್ಟು ಹತ್ತಿರವಾದಂತೆ ಸೊಂಪಾಗಿ ಬೆಳೆದಿರುತ್ತದೆ. 22ನೆಯ ದಿನ 14 ಮಿಲಿಮೀಟರು ಇದ್ದರೆ ಅದು ತಾನಾಗಿ ರೋಗವೆನಿಸುವುದಿಲ್ಲ. ಆದರೆ ಆ ಸೊಂಪಿನ ನಡುವೆ ಒಂದು ಸಣ್ಣ ಪಾಲಿಪ್ ಇದ್ದರೆ ಅದು ಕಣ್ಣಿಗೆ ಬೀಳುವುದಿಲ್ಲ. ಬೆಳೆ ನಿಂತ ಹೊಲದಲ್ಲಿ ಕಳೆಯ ಗಿಡವನ್ನು ಹುಡುಕಿದ ಹಾಗೆ. ವೈದ್ಯೆ ಮುಂದಿನ ಮುಟ್ಟು ಮುಗಿದ ಕೂಡಲೇ, ಹತ್ತನೆಯ ದಿನ, ಮತ್ತೊಮ್ಮೆ ಸ್ಕ್ಯಾನ್ ಮಾಡಿಸಿದರು. ಹೊಟ್ಟೆಯ ಮೇಲಿನಿಂದಲ್ಲದೆ, ಗರ್ಭಕೋಶಕ್ಕೆ ಹತ್ತಿರವಾಗಿ ಸ್ಪಷ್ಟ ಚಿತ್ರ ಕೊಡುವ ಒಳಮಾರ್ಗದ ಸ್ಕ್ಯಾನ್. ಈ ಸಲ ತೆಳುವಾದ ಒಳಪೊರೆಯ ನಡುವೆ ಒಂದೂವರೆ ಸೆಂಟಿಮೀಟರಿನ ಉಬ್ಬೊಂದು ಕಂಡಿತು. ಗರ್ಭಕೋಶದೊಳಕ್ಕೆ ಸ್ವಲ್ಪ ಉಪ್ಪುನೀರಿನ ದ್ರಾವಣವನ್ನು ಬಿಟ್ಟು ನೋಡಿದಾಗ ಅದರ ಅಂಚು ನೀರಿನಲ್ಲಿ ತೇಲುವ ಮೊಗ್ಗಿನಂತೆ ಬೇರೆಯಾಗಿ ಕಾಣಿಸಿತು.

ಕಂಡದ್ದು ಪಾಲಿಪ್ ಇರಬೇಕು. ಆದರೆ ಅದು ನಿರಪಾಯದ್ದೆಂದು ಚಿತ್ರದಿಂದ ಖಚಿತವಾಗಿ ಹೇಳಲಾಗದು. ಅದಕ್ಕೆ ತುಣುಕಿನ ಪರೀಕ್ಷೆ, ಎಂದರೆ ಬಯಾಪ್ಸಿ, ಆಗಲೇಬೇಕು. 45 ದಾಟಿದವರಲ್ಲಿ ಅತಿಸ್ರಾವವಿದ್ದರೆ ಇದನ್ನು ಬಿಡಬಾರದೆಂಬುದು ಅನೇಕ ದೇಶಗಳ ನಿಯಮ. ನಮ್ಮಲ್ಲಿ ಹಲವು ತಜ್ಞರು ನಲವತ್ತನ್ನೇ ಗಡಿಯಾಗಿ ಹಿಡಿಯುತ್ತಾರೆ. ಅದಕ್ಕಿಂತ ಚಿಕ್ಕವರಲ್ಲಿಯೂ ಬೊಜ್ಜು ಬಹಳವಿದ್ದರೆ, ವರ್ಷಗಟ್ಟಲೆ ಮುಟ್ಟು ಏರುಪೇರಾಗಿದ್ದರೆ, ನಡುವಣ ಕಲೆ ನಿಲ್ಲದಿದ್ದರೆ, ಔಷಧಕ್ಕೆ ಸ್ರಾವ ಬಗ್ಗದಿದ್ದರೆ ಬಯಾಪ್ಸಿ ಬೇಕಾಗುತ್ತದೆ. ಮುಟ್ಟು ನಿಂತು ಒಂದು ವರ್ಷವಾದ ಮೇಲೆ ಒಂದು ತೊಟ್ಟು ರಕ್ತ ಕಂಡರೂ ವಯಸ್ಸಿನ, ತೂಕದ ಮಾತಿಲ್ಲದೆ ಪರೀಕ್ಷೆಯಾಗಬೇಕು. 'ನಿಲ್ಲುವ ಕಾಲ' ಎಂಬ ಸಮಾಧಾನದ ಮಾತು ಅಲ್ಲಿ ಪ್ರಾಣಕ್ಕೆ ಎರವಾದೀತು.

ಬಯಾಪ್ಸಿಯಲ್ಲಿಯೂ ಎರಡು ಬಗೆ. ಮೂರು ಮಿಲಿಮೀಟರಿನಷ್ಟು ಸಪೂರವಾದ ನಳಿಕೆಯಿಂದ ಒಳಪೊರೆಯ ಚೂರನ್ನು ಹೀರಿ ತೆಗೆಯುವುದು ಒಂದು. ಇದಕ್ಕೆ ಅರಿವಳಿಕೆ ಬೇಡ, ಒಂದೆರಡು ನಿಮಿಷದ ನೋವು, ಮನೆಗೆ ನಡೆದೇ ಹೋಗಬಹುದು. ಕೇಡು ಒಳಪೊರೆಯ ತುಂಬ ಹರಡಿದ್ದರೆ ಇದರಿಂದ ಚೆನ್ನಾಗಿ ತಿಳಿಯುತ್ತದೆ. ಆದರೆ ನಳಿಕೆಗೆ ಕಣ್ಣಿಲ್ಲ. ಕೇಡು ಒಂದೇ ಮೂಲೆಯಲ್ಲಿದ್ದರೆ, ಅಥವಾ ಪಾಲಿಪ್ಪಿನಲ್ಲಿ ಅಡಗಿದ್ದರೆ, ನಳಿಕೆ ಪಕ್ಕದ ಒಳ್ಳೆಯ ಜಾಗದ ಚೂರನ್ನು ತಂದು 'ಎಲ್ಲವೂ ಸರಿ' ಎಂದುಬಿಡಬಹುದು. ಹಿಂದಿನ ಕಾಲದಲ್ಲಿ ಎಲ್ಲಕ್ಕೂ ಮಾಡುತ್ತಿದ್ದ 'ಡಿ ಅಂಡ್ ಸಿ' ಎಂಬ ಕೆರೆತಕ್ಕೂ ಇದೇ ಕುರುಡುತನ. ಅರಿವಳಿಕೆಯ ತೊಂದರೆ ಬೇರೆ. ಆದುದರಿಂದ ಒಂದು ಕಡೆ ಏನೋ ಇದೆಯೆಂದು ಚಿತ್ರದಲ್ಲಿ ಕಂಡ ಮೇಲೆ ಹಿಸ್ಟರೋಸ್ಕೋಪಿಯೇ ತಕ್ಕದ್ದು: ಪೆನ್ಸಿಲಿಗಿಂತ ಸಣ್ಣ ದೂರ್ಬೀನನ್ನು ಗರ್ಭಕಂಠದ ಮೂಲಕವೇ ಒಳಕ್ಕೆ ಬಿಟ್ಟು, ಕಂಡದ್ದನ್ನು ಕಂಡ ಜಾಗದಿಂದಲೇ ತೆಗೆಯುವುದು. ಹೊಟ್ಟೆಯ ಮೇಲೆ ಗಾಯವಿಲ್ಲ.

ಆಕೆಗೆ ಅದನ್ನೇ ಮಾಡಿದರು. ಬೆಳಗ್ಗೆ ಆಸ್ಪತ್ರೆಗೆ ಹೋಗಿ ಸಂಜೆಗೆ ಮನೆಗೆ ಬಂದರು. ಪಾಲಿಪ್ಪನ್ನು ಬುಡಸಹಿತ ತೆಗೆದು, ಉಳಿದ ಒಳಪೊರೆಯಿಂದಲೂ ಬೇರೆಯಾಗಿ ಒಂದು ತುಣುಕನ್ನು ಕಳುಹಿಸಿದ್ದರು. ವರದಿ ಬರಲು ಒಂದು ವಾರ. ಆ ವಾರ ಆಕೆ ಯಾರೊಡನೆಯೂ ಹೆಚ್ಚು ಮಾತನಾಡಲಿಲ್ಲವೆಂದು ನಾದಿನಿ ಆಮೇಲೆ ಹೇಳುತ್ತಿದ್ದರು. ವರದಿಯಲ್ಲಿ ಎರಡು ತುಣುಕುಗಳಲ್ಲಿಯೂ ಕೇಡಿನ ಲಕ್ಷಣವಿರಲಿಲ್ಲ.

ಈಗ ಫೀಗೋದ ಕ್ರಮದಲ್ಲಿ ಆಕೆಯ ಚೀಟಿಯನ್ನು ಬರೆದರೆ ಹೀಗಾಗುತ್ತದೆ: ಪಾಲಿಪ್ ಇದೆ, ಅಡಿನೋಮಯೋಸಿಸ್ ಇಲ್ಲ, ಫೈಬ್ರಾಯ್ಡ್ ಇದೆ, ಒಳಪೊರೆಗೆ ತಾಗಿಲ್ಲ, ಕ್ಯಾನ್ಸರಿಲ್ಲ, ಹೆಪ್ಪುಗಟ್ಟುವ ದೋಷದ, ಅಂಡವಿಸರ್ಜನೆಯ ದೋಷದ ಲಕ್ಷಣಗಳಿಲ್ಲ, ಔಷಧದ ಕಾರಣವಿಲ್ಲ. ಇದ್ದುದನ್ನೂ ಇಲ್ಲದ್ದನ್ನೂ ಹೀಗೆ ಪಕ್ಕಪಕ್ಕಕ್ಕೆ ಬರೆಯುವುದರಲ್ಲಿಯೇ ಈ ಪದ್ಧತಿಯ ಜಾಣತನವಿದೆ. ಮೊದಲ ವರದಿಯಲ್ಲಿ ಕಂಡ ಒಂದೇ ಒಂದು ವಸ್ತುವಿನ ಮೇಲೆ ಇಡೀ ಅಪರಾಧವನ್ನು ಹೊರಿಸಲು ಆಗ ಸಾಧ್ಯವಾಗುವುದಿಲ್ಲ.

ಕಬ್ಬಿಣದ ಮಾತ್ರೆಯನ್ನು ದಿನಕ್ಕೊಂದರಂತೆ, ಕಾಫಿಯಿಂದ ದೂರವಾಗಿ, ನಿಂಬೆಹಣ್ಣಿನ ಪಾನಕದೊಡನೆ ತೆಗೆದುಕೊಳ್ಳಲು ಹೇಳಿದರು. ಹಿಮೋಗ್ಲೋಬಿನ್ ಸರಿಹೋದ ಮೇಲೂ ಮೂರು ತಿಂಗಳು ಬಿಡಬಾರದೆಂದು ಎಚ್ಚರಿಸಿದರು. ಕೈಗೆ ಹಣ ಬಂದರೂ ಪೆಟ್ಟಿಗೆ ತುಂಬಬೇಕಲ್ಲ. ನಾಲ್ಕು ತಿಂಗಳಲ್ಲಿ 8.2 ಇದ್ದದ್ದು 11.9ಕ್ಕೆ ಏರಿತು. ನಡುವಿನ ಕಲೆ ನಿಂತಿತು. ಮುಟ್ಟು ಆರು ದಿನಕ್ಕೆ ಇಳಿಯಿತು. ಆದರೆ ಎರಡನೆಯ ದಿನದ ಸ್ರಾವ ಇನ್ನೂ ಜೋರಾಗಿಯೇ ಇದೆ. ಬಹುಶಃ ಪಾಲಿಪ್ಪಿನ ಜೊತೆಗೆ ಒಳಪೊರೆಯ ಸ್ವಂತ ದೋಷವೂ ಸ್ವಲ್ಪ ಇದ್ದೀತೆಂದು ವೈದ್ಯೆ ಊಹಿಸಿ, ಮನೆಯವರಲ್ಲಿ ಯಾರಿಗಾದರೂ, ಆಕೆಗಾದರೂ, ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ಇತಿಹಾಸವಿಲ್ಲವೆಂದು ಕೇಳಿ ತಿಳಿದುಕೊಂಡು, ಜೋರಾದ ದಿನಗಳಿಗೆ ಮಾತ್ರ ಟ್ರಾನೆಕ್ಸಾಮಿಕ್ ಆಸಿಡ್ ಮಾತ್ರೆಯನ್ನು ಕೊಟ್ಟಿದ್ದಾರೆ. ಪಾಲಿಪ್ ಮತ್ತೆ ಹುಟ್ಟುವುದೂ ಉಂಟು; ನಡುವೆ ಮತ್ತೆ ಕಲೆ ಕಂಡರೆ ತಡಮಾಡದೆ ಬರಬೇಕೆಂದು ಹೇಳಿದ್ದಾರೆ. ಹೊರಗೋಡೆಯ ಆ ಮೂರು ಸೆಂಟಿಮೀಟರಿನ ಗಡ್ಡೆ ಅಲ್ಲಿಯೇ ಇದೆ. ವರ್ಷದ ಮೇಲೆ ಇನ್ನೊಮ್ಮೆ ಅಳೆದು ನೋಡುವುದೆಂದಾಗಿದೆ.